ಅಪ್ಪ ಮನೆ ಮೇಲೆ ರಿವರ್ಸ್ ಮಾರ್ಟ್‌ಗೇಜ್ ತೆಗೆದುಕೊಳ್ಳಬೇಕು ಅಂತಿದ್ದಾರೆ. ಕೈಗೆ ಬರೋದೆಷ್ಟು, ಆಮೇಲೆ ನಮ್ಮ ಪಾಡೇನು?

ಕುವೆಂಪುನಗರದ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 70, ಅಮ್ಮನಿಗೆ 64. ಅಪ್ಪ ಖಾಸಗಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಬರುವ ಪಿಎಫ್ ಪೆನ್ಷನ್ ಇಬ್ಬರ ಔಷಧಿಗೂ ಸಾಲುವುದಿಲ್ಲ. ಎಫ್‌ಡಿ ಕರಗುತ್ತಾ ಬಂದಿದೆ. ಇರುವ ಒಂದೇ ಆಸ್ತಿ ಮೈಸೂರಿನ ಕುವೆಂಪುನಗರದ ಮನೆ. ಮುಡಾ ಸೈಟು, ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿದ್ದು, ಸಾಲ ಇಲ್ಲ. ಅದನ್ನು ಅಡ ಇಟ್ಟು ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ತೆಗೆದುಕೊಳ್ಳುವ ಯೋಚನೆ ಅಪ್ಪನದು, ತಾವಿರುವವರೆಗೆ ಸಾಲ ತೀರಿಸಬೇಕಾಗಿಲ್ಲ ಅಂತ.

ಬ್ಯಾಂಕಿನ ವ್ಯಾಲ್ಯುಯರ್ ಬಂದು ಮನೆಗೆ 1 ಕೋಟಿ ಬೆಲೆ ಹಾಕಿದರು. ಬ್ರೋಕರ್‌ಗಳು ಅದಕ್ಕಿಂತ ಜಾಸ್ತಿ ಹೇಳುತ್ತಾರೆ, ಅದಿರಲಿ. "ನಿಮಗೆ 80 ಲಕ್ಷದವರೆಗೆ ಸಾಲ ಮಂಜೂರಾಗುತ್ತೆ, 15 ವರ್ಷ, ಬಡ್ಡಿ 10 ಪರ್ಸೆಂಟ್" ಅಂದರು. ಅಪ್ಪ ಅಲ್ಲೇ ಕುಳಿತು ಲೆಕ್ಕ ಹಾಕಿದರು. 80 ಲಕ್ಷವನ್ನು 180 ತಿಂಗಳಿಗೆ ಹಂಚಿದರೆ ತಿಂಗಳಿಗೆ 44 ಸಾವಿರ ಬರಬೇಕು. ಬ್ಯಾಂಕಿನವರು ಬರೆದುಕೊಟ್ಟ ಚೀಟಿಯಲ್ಲಿ ಇರುವುದು 19,302. ಉಳಿದ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದರೆ "ಅದು ಸಿಸ್ಟಮ್ ಲೆಕ್ಕ ಸಾರ್" ಅನ್ನುವ ಉತ್ತರ.

ಇನ್ನೊಂದು ವಿಷಯ. ನಾನು ಮತ್ತು ನನ್ನ ಮಗ ಇದೇ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇವೆ. ಅಣ್ಣ ಪುಣೆಯಲ್ಲಿದ್ದಾನೆ. "ಮನೆ ಕೈಬಿಟ್ಟು ಹೋಗುತ್ತೆ, ಆಮೇಲೆ ಸಾಲ ನಮ್ಮ ತಲೆಗೆ ಬರುತ್ತೆ" ಅಂತ ಅವನಿಗೆ ಭಯ. ತಿಳಿದವರು ಬಿಡಿಸಿ ಹೇಳಿ.

ಶಿವಮೊಗ್ಗ ಸೀನ

ಬೇಡವೇ ಬೇಡ ಅಂತ ಹೇಳಿ ಮೇಡಂ. ಇದು ಮನೆಯನ್ನು ಬ್ಯಾಂಕಿಗೆ ಬರೆದುಕೊಡುವ ಸ್ಕೀಮು. 15 ವರ್ಷ ಆದ ತಕ್ಷಣ ಮನೆ ಖಾಲಿ ಮಾಡಬೇಕು. 85ನೇ ವಯಸ್ಸಲ್ಲಿ ಹಿರಿಯರು ಎಲ್ಲಿಗೆ ಹೋಗಬೇಕು? ಮನೆ ಮಾರಿದ ದುಡ್ಡು ಸಾಲಕ್ಕೆ ಸಾಕಾಗದಿದ್ದರೆ ಉಳಿದದ್ದನ್ನು ಮಕ್ಕಳ ಹತ್ತಿರ ವಸೂಲಿ ಮಾಡ್ತಾರೆ. ಬಡ್ಡಿಗೆ ಬಡ್ಡಿ ಸೇರುತ್ತೆ, ಇದಂತೂ ಖಂಡಿತ.

ಸಾಲ ವಿಭಾಗ, ನಿವೃತ್ತ

ಸೀನಪ್ಪನವರು ಹೇಳಿದ್ದರಲ್ಲಿ ಕೊನೆಯ ಮಾತು ಮಾತ್ರ ಸರಿ, ಬಡ್ಡಿಗೆ ಬಡ್ಡಿ ಸೇರುತ್ತದೆ. ಉಳಿದ ಮೂರೂ ತಪ್ಪು. ನಾನು ಗೃಹಸಾಲದ ಕಡೆಯೇ ಬಹಳ ವರ್ಷ ಕೆಲಸ ಮಾಡಿದವನು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಯೋಜನೆ ಬಂದದ್ದು 2007ರಲ್ಲಿ. ಆ ವರ್ಷದ ಬಜೆಟ್‌ನಲ್ಲಿ ಘೋಷಣೆ ಆಯಿತು, ರಾಷ್ಟ್ರೀಯ ವಸತಿ ಬ್ಯಾಂಕು ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಮನೆ ಕೊನೆಯವರೆಗೂ ನಿಮ್ಮಪ್ಪನ ಹೆಸರಲ್ಲೇ ಇರುತ್ತದೆ. ಬ್ಯಾಂಕಿಗೆ ಹೋಗುವುದು ಅಡಮಾನದ ಹಕ್ಕು ಮಾತ್ರ, ಮಾಮೂಲಿ ಗೃಹಸಾಲದಲ್ಲಿ ಹೋಗುವ ಹಾಗೆಯೇ. ಮೂಲ ಪತ್ರಗಳು ಬ್ಯಾಂಕಿನ ಲಾಕರಿನಲ್ಲಿರುತ್ತವೆ, ಇಸಿ ತೆಗೆಸಿದರೆ ಅಡಮಾನ ಕಾಣುತ್ತದೆ, ಅಷ್ಟೇ.

15 ವರ್ಷಕ್ಕೆ ನಿಲ್ಲುವುದು ಪ್ರತಿ ತಿಂಗಳು ಬರುವ ಹಣ. ವಾಸದ ಹಕ್ಕು ನಿಲ್ಲುವುದಿಲ್ಲ. ಸಾಲಗಾರರಲ್ಲಿ ಒಬ್ಬರು ಬದುಕಿದ್ದು ಅದೇ ಮನೆಯಲ್ಲಿ ವಾಸ ಇರುವವರೆಗೆ ಬ್ಯಾಂಕು ಸಾಲ ಕಟ್ಟಿ ಅನ್ನುವಂತಿಲ್ಲ, ಮನೆ ಬಿಡಿ ಅನ್ನುವಂತಿಲ್ಲ. ಆದರೆ ಬಡ್ಡಿ ಮಾತ್ರ ಸುಮ್ನೆ ಕೂರುವುದಿಲ್ಲ, ಏರುತ್ತಲೇ ಇರುತ್ತದೆ.

ಮಕ್ಕಳ ಹತ್ತಿರ ವಸೂಲಿ ಅನ್ನುವುದೂ ಇಲ್ಲ. ಮನೆ ಮಾರಿ ಖರ್ಚು ಕಳೆದು ಎಷ್ಟು ಬರುತ್ತದೋ ಸಾಲ ಅದನ್ನು ಮೀರುವ ಹಾಗಿಲ್ಲ. ಕಡಿಮೆ ಬಿದ್ದರೆ ಆ ನಷ್ಟ ಬ್ಯಾಂಕಿನದು. ನಿಮ್ಮ ಅಣ್ಣನ ಸಂಬಳಕ್ಕಾಗಲಿ, ನಿಮ್ಮ ಒಡವೆಗಾಗಲಿ ಯಾರೂ ಕೈಹಾಕುವಂತಿಲ್ಲ. ಇದಕ್ಕೆ ಒಂದು ಷರತ್ತಿದೆ. ಮನೆ ಕಂದಾಯ, ವಿಮೆ, ರಿಪೇರಿ ಎಲ್ಲ ಅಪ್ಪನ ಖರ್ಚಿನಲ್ಲೇ ನಡೆಯಬೇಕು. ಕಂದಾಯ ಬಾಕಿ ಬಿಟ್ಟರೆ, ಮನೆಯನ್ನು ಪೂರ್ತಿ ಬಾಡಿಗೆಗೆ ಕೊಟ್ಟರೆ ಒಪ್ಪಂದ ಮುರಿದ ಲೆಕ್ಕ.

ಲೆಕ್ಕದ ಮೇಷ್ಟ್ರು

ಅಪ್ಪನ 44 ಸಾವಿರದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಬ್ಯಾಂಕಿನವರು ಮೋಸ ಮಾಡಿಲ್ಲ, ಆದರೆ ವಿವರಿಸಲೂ ಇಲ್ಲ. 80 ಲಕ್ಷ ಅನ್ನುವುದು ನಿಮಗೆ ಕೊಡುವ ದುಡ್ಡಲ್ಲ. 15 ವರ್ಷದ ಕೊನೆಯಲ್ಲಿ ಅಸಲು, ಬಡ್ಡಿ ಎರಡೂ ಸೇರಿ ಸಾಲ ಎಲ್ಲಿಗೆ ಬಂದು ನಿಲ್ಲಬೇಕು ಅನ್ನುವ ಮಿತಿ. ಸೂತ್ರ ಹೀಗಿದೆ, P ಅಂದರೆ ತಿಂಗಳ ಹಣ, L ಆ ಮಿತಿ, i ತಿಂಗಳ ಬಡ್ಡಿ, n ಎಷ್ಟು ತಿಂಗಳು:

```
P = L × i / ((1 + i)^n − 1)
L = 8000000, i = 0.10/12, n = 180
P = 19302
```

ಆರ್‌ಡಿ ಕಟ್ಟಿದ್ದೀರಲ್ಲ, ಅದೇ ಲೆಕ್ಕ. ಪ್ರತಿ ತಿಂಗಳು 19,302 ಕಟ್ಟಿದರೆ 10 ಪರ್ಸೆಂಟ್‌ನಲ್ಲಿ 15 ವರ್ಷಕ್ಕೆ 80 ಲಕ್ಷ ಆಗುತ್ತದೆ. ಇಲ್ಲಿ ಆರ್‌ಡಿ ಕಟ್ಟುತ್ತಿರುವವರು ಬ್ಯಾಂಕಿನವರು, ನಿಮ್ಮ ಮನೆಯ ಮೇಲೆ. ಕೈಗೆ ಬರುವುದು ಒಟ್ಟು 34.74 ಲಕ್ಷ. ಉಳಿದ 45 ಲಕ್ಷ ಚಿಲ್ಲರೆ ಪೂರ್ತಿ ಬಡ್ಡಿ.

ಅವಧಿ ಬದಲಾಯಿಸಿದರೆ ಚಿತ್ರವೇ ಬದಲಾಗುತ್ತದೆ. 10 ವರ್ಷಕ್ಕೆ ತೆಗೆದುಕೊಂಡರೆ ತಿಂಗಳಿಗೆ 39 ಸಾವಿರ, 20 ವರ್ಷಕ್ಕಾದರೆ ಹತ್ತೂವರೆ ಸಾವಿರ. 20 ವರ್ಷದ್ದು ನನ್ನ ಕಣ್ಣಿಗೆ ದಂಡ. ಕೈಗೆ 25 ಲಕ್ಷ ಬಂದು, ಬಡ್ಡಿಗೆ 55 ಲಕ್ಷ ಹತ್ತಿರ ಹೋಗುತ್ತದೆ.

ಇನ್ನೂ ಒಂದು ಮಾತು. ಇವತ್ತಿನ 19 ಸಾವಿರ ಹತ್ತು ವರ್ಷದ ನಂತರವೂ 19 ಸಾವಿರವೇ. ಅಷ್ಟು ಹೊತ್ತಿಗೆ ಔಷಧಿ ಬೆಲೆ ಎಲ್ಲಿರುತ್ತೋ.

ಕುವೆಂಪುನಗರದ ಮಗಳು

ಮೇಷ್ಟ್ರೇ, ಅಪ್ಪನಿಗೆ ಓದಿ ಹೇಳಿದೆ. ಆರ್‌ಡಿ ಅಂದ ತಕ್ಷಣ ಅರ್ಥವಾಯಿತು ಅವರಿಗೆ. "ಹಾಗಾದರೆ 80 ಲಕ್ಷ ಅಂತ ಯಾಕೆ ಬೋರ್ಡ್ ಹಾಕ್ತಾರೆ" ಅಂತ ಸಿಟ್ಟು ಬಂತು, ಅದು ಬೇರೆ. ಒಂದು ಅನುಮಾನ. ಬೇಗ ಏನಾದರೂ ಆದರೆ, ಅಂದರೆ 8 ವರ್ಷಕ್ಕೇ ಇಬ್ಬರೂ ಇಲ್ಲದಿದ್ದರೆ, ಆಗಲೂ 80 ಲಕ್ಷ ಕಟ್ಟಬೇಕಾ?

ಲೆಕ್ಕದ ಮೇಷ್ಟ್ರು

ಇಲ್ಲಮ್ಮ. ಅಲ್ಲಿಯವರೆಗೆ ಕೊಟ್ಟದ್ದು ಮತ್ತು ಅದರ ಬಡ್ಡಿ ಅಷ್ಟೇ. 8 ವರ್ಷಕ್ಕೆ ಕೈಗೆ ಬಂದದ್ದು 18.5 ಲಕ್ಷ, ಬಡ್ಡಿ ಸೇರಿ ಬಾಕಿ 28.2 ಲಕ್ಷ. ಅಷ್ಟು ಕಟ್ಟಿದರೆ ಪತ್ರ ವಾಪಸ್.

ನಿಜವಾಗಿ ಹೆದರಬೇಕಾದ್ದು ಇದಕ್ಕೆ ತದ್ವಿರುದ್ಧ, ಬಹಳ ಕಾಲ ಬದುಕಿದಾಗ. ಅಮ್ಮನಿಗೆ ಈಗ 64. ಅವರು 84ರವರೆಗೆ ಇದ್ದರು ಅಂತಿಟ್ಟುಕೊಳ್ಳಿ, ಇರಲಿ, ನೂರು ವರ್ಷ ಇರಲಿ. 15ನೇ ವರ್ಷಕ್ಕೆ ಹಣ ನಿಂತಿತು, ಸಾಲ 80 ಲಕ್ಷ. ನಂತರದ 5 ವರ್ಷ ಕೈಗೆ ಒಂದು ರೂಪಾಯಿ ಬರದಿದ್ದರೂ ಸಾಲ 1.31 ಕೋಟಿ ದಾಟುತ್ತದೆ. ಮನೆ ಬೆಲೆ ವರ್ಷಕ್ಕೆ 5 ಪರ್ಸೆಂಟ್ ಏರಿದ್ದರೆ ಅಷ್ಟರಲ್ಲಿ 2.65 ಕೋಟಿ ಆಗಿರುತ್ತದೆ, ಸಾಲ ಕಳೆದು ನಿಮ್ಮಿಬ್ಬರಿಗೆ ಅರ್ಧ ಉಳಿಯಿತು. ಬರೀ 2 ಪರ್ಸೆಂಟ್ ಏರಿದರೆ 1.48 ಕೋಟಿ, ಉಳಿಯುವುದು ಸುಮಾರು ಹದಿನೇಳು ಲಕ್ಷ. ಏರಲೇ ಇಲ್ಲ ಅಂದರೆ 15 ವರ್ಷ ಮುಗಿದ ಎರಡೂಕಾಲು ವರ್ಷಕ್ಕೇ ಸಾಲ ಮನೆ ಬೆಲೆಯನ್ನು ಮೀರುತ್ತದೆ. ಹಳೇ ಕಟ್ಟಡ, ಬೆಲೆ ನಿಂತಿರುವುದು ಸೈಟಿಗೆ. ಆದ್ದರಿಂದ ನಾನು 2 ಮತ್ತು 5ರ ನಡುವೆ ಎಲ್ಲೋ ನೋಡುತ್ತೇನೆ.

ದಾವಣಗೆರೆ ಅಕ್ಕ

ನಮ್ಮ ದೊಡ್ಡಪ್ಪನ ಮನೇಲಿ ಆದದ್ದನ್ನು ಹೇಳ್ತೀನಿ, ನಿಮಗೆ ಉಪಯೋಗ ಆಗಬಹುದು. ಮನೆ ದೊಡ್ಡಪ್ಪನ ಹೆಸರಲ್ಲಿತ್ತು. ಸಾಲವನ್ನೂ ಅವರೊಬ್ಬರ ಹೆಸರಲ್ಲೇ ಮಾಡಿಸಿದರು. ದೊಡ್ಡಮ್ಮನ ಸಹಿ ಎಲ್ಲೋ ಸಾಕ್ಷಿ ಅಂತ ಹಾಕಿಸಿದ್ದರು, ಅಷ್ಟೇ. ದೊಡ್ಡಪ್ಪ ಹೋದ ಮೇಲೆ ಕಾರ್ಯ ಮುಗಿದಿಲ್ಲ, ಬ್ಯಾಂಕಿಂದ ಕಾಗದ ಬಂತು. ದೊಡ್ಡಮ್ಮ ಸಾಲಗಾರರಲ್ಲ, ಆದ್ದರಿಂದ ಸಾಲ ತೀರಿಸಿ ಅಂತ. 72 ವಯಸ್ಸಿನ ಹೆಂಗಸು, ಅದೇ ಮನೆಯಲ್ಲಿ ಇರೋರು! ಕಡೆಗೆ ಅವರ ತಮ್ಮ ದುಡ್ಡು ಹೊಂದಿಸಿಕೊಟ್ಟರು. ಅಮ್ಮನ ಹೆಸರು ಸೇರಿಸಿದ್ದಾರಾ ನೋಡಿ ತಂಗೀ.

ಸಾಲ ವಿಭಾಗ, ನಿವೃತ್ತ

ಅಕ್ಕನವರ ಈ ಒಂದು ಮಾತಿಗಾಗಿ ನಿಮ್ಮ ಇಡೀ ಅರ್ಜಿಯನ್ನು ಮತ್ತೆ ತೆಗೆದು ನೋಡಿ. ಮಾರ್ಗಸೂಚಿ ಪ್ರಕಾರ ಗಂಡ ಹೆಂಡತಿ ಇಬ್ಬರೂ ಸೇರಿ ಸಾಲಗಾರರಾಗಬಹುದು. ಒಬ್ಬರಿಗೆ 60 ದಾಟಿರಬೇಕು, ಇನ್ನೊಬ್ಬರಿಗೆ 55 ಆಗಿರಬೇಕು. ನಿಮ್ಮ ಅಪ್ಪ ಅಮ್ಮ ಇಬ್ಬರೂ ಅದರೊಳಗೆ ಬರುತ್ತಾರೆ. ಇಬ್ಬರ ಹೆಸರಿದ್ದರೆ ಕೊನೆಯವರು ಇರುವವರೆಗೂ ಬ್ಯಾಂಕು ಸಾಲ ಕಟ್ಟಿ ಅನ್ನುವಂತಿಲ್ಲ. ಅಪ್ಪನೊಬ್ಬರದ್ದೇ ಇದ್ದರೆ ಅವರು ಹೋದ ಕೂಡಲೇ ಸಾಲ ತೀರಿಸುವ ಗಡುವು ಶುರುವಾಗುತ್ತದೆ.

ಇಂಥದ್ದೇ ಇನ್ನೊಂದು ಗುಂಡಿ ಇದೆ, ಯಾರೂ ಗಮನಿಸುವುದಿಲ್ಲ. ಸಾಲಗಾರರು ಮನೆ ಬಿಟ್ಟು ಶಾಶ್ವತವಾಗಿ ಬೇರೆ ಕಡೆ ಹೋದರೂ ಸಾಲ ವಾಯಿದೆಗೆ ಬರುತ್ತದೆ. ಸಾಮಾನ್ಯವಾಗಿ ಒಂದು ವರ್ಷ ಸತತವಾಗಿ ಆ ಮನೆಯಲ್ಲಿ ಇಲ್ಲದಿದ್ದರೆ ಶಾಶ್ವತ ಅಂತಲೇ ಲೆಕ್ಕ. ಅಮ್ಮ ಒಬ್ಬರೇ ಉಳಿದರು, ಹುಷಾರಿಲ್ಲ ಅಂತ ಅಣ್ಣ ಪುಣೆಗೆ ಕರೆದುಕೊಂಡು ಹೋದ, ಹಾಗೇ ವರ್ಷ ಕಳೆಯಿತು. ಒಳ್ಳೆಯ ಉದ್ದೇಶವೇ, ಆದರೆ ಒಪ್ಪಂದದ ಕಣ್ಣಿಗೆ ಅಮ್ಮ ಮನೆ ಬಿಟ್ಟ ಹಾಗೆ. ಆ ಸಮಯದಲ್ಲಿ ನೀವು ಮನೆಯಲ್ಲೇ ಇದ್ದೀರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ನೀವು ಸಾಲಗಾರರಲ್ಲ.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಇದು ಬಹಳ ಮಾಮೂಲು. 62 ದಾಟಿದವರಿಗೆ ಸರ್ಕಾರದ ವಿಮೆ ಇರುವ ಸ್ಕೀಮು ಇದೆ. ವಾರಸುದಾರರು ಚಿಂತೆ ಮಾಡಬೇಕಾಗಿಲ್ಲ. ಸಾಲ ಮನೆ ಬೆಲೆಗಿಂತ ಜಾಸ್ತಿ ಆಗಿದ್ದರೆ ಬೆಲೆಯ 95 ಪರ್ಸೆಂಟ್ ಕಟ್ಟಿ ಮಕ್ಕಳು ಮನೆ ಉಳಿಸಿಕೊಳ್ಳಬಹುದು. ಮಾರುವುದಕ್ಕೆ ಆರು ತಿಂಗಳು, ಕೇಳಿಕೊಂಡರೆ ಇನ್ನೂ ಮುಂದಕ್ಕೆ ಹಾಕುತ್ತಾರೆ. ಭಾರತದಲ್ಲೂ ಹಾಗೇ ಇರುತ್ತೆ ಅಲ್ವಾ?

ಸಾಲ ವಿಭಾಗ, ನಿವೃತ್ತ

ಇಲ್ಲ ಸಾರ್, ಇಲ್ಲಿ 95ರ ನಿಯಮ ಇಲ್ಲ, ಅಲ್ಲಿಯಷ್ಟು ಸಮಯವೂ ಇಲ್ಲ. ನಮ್ಮ ಮಾರ್ಗಸೂಚಿ ಮನೆ ಮಾರುವುದಕ್ಕೆ ಹೇಳುವುದು ಸುಮಾರು ಎರಡು ತಿಂಗಳ ಕಾಲಾವಕಾಶ. ಕೆಲವು ಬ್ಯಾಂಕುಗಳು ಒಪ್ಪಂದದಲ್ಲಿ ಇನ್ನೂ ಜಾಸ್ತಿ ಕೊಡುತ್ತವೆ, ಓದಿ ನೋಡಬೇಕು. ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಮೊದಲ ಅವಕಾಶ ವಾರಸುದಾರರಿಗೇ. ಅವರು ಬೇಡ ಅಂದರೆ, ಅಥವಾ ಗಡುವು ಮೀರಿದರೆ ಬ್ಯಾಂಕು ಮನೆ ಮಾರುತ್ತದೆ. ತನ್ನ ಬಾಕಿ ಹಿಡಿದುಕೊಂಡು ಉಳಿದದ್ದನ್ನು ವಾರಸುದಾರರಿಗೆ ಕೊಡಬೇಕು. ಆ ಉಳಿಕೆ ದಾನವಲ್ಲ, ಅವರ ಹಕ್ಕು.

ಆದರೆ ನೀವು ಎತ್ತಿದ ಪ್ರಶ್ನೆಯಲ್ಲಿ ಒಂದು ನಿಜವಾದ ಗೊಂದಲ ಇದೆ. ಸಾಲ 1.31 ಕೋಟಿ, ಮನೆ ಮಾರಿದರೆ 1.05 ಕೋಟಿ ಅಂದುಕೊಳ್ಳಿ. ಮಾರಿದಾಗ ನಷ್ಟ ಬ್ಯಾಂಕಿನದು, ಸ್ಪಷ್ಟ. ಮಗಳು ಮಾರದೆ ಉಳಿಸಿಕೊಳ್ಳಬೇಕು ಅಂದರೆ ಕಟ್ಟಬೇಕಾದ್ದು 1.05ಆ, 1.31ಆ? ನನ್ನ ಓದಿನಲ್ಲಿ ಮನೆಯ ಬೆಲೆಯೇ ಮಿತಿ. ಬ್ಯಾಂಕಿನವರು ಪೂರ್ತಿ ಬಾಕಿ ಕೇಳಿದ್ದನ್ನೂ ನೋಡಿದ್ದೇನೆ. ಸಹಿ ಹಾಕುವ ಮುಂಚೆಯೇ ಇದನ್ನು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳುವುದು ಕ್ಷೇಮ.

ಶಿವಮೊಗ್ಗ ಸೀನ

ನೋಡಿ, ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಹಾಗಾದರೆ. ಕೊನೆಗೆ ಮನೆ ಹೋಗೋದೇ.

ಸಾಲ ವಿಭಾಗ, ನಿವೃತ್ತ

ಹೋಗುವುದು ಅಂತಿಲ್ಲ ಸೀನಪ್ಪ, ಬಿಡಿಸಿಕೊಳ್ಳಲು ದುಡ್ಡು ಬೇಕು ಅಂತ. ಎರಡಕ್ಕೂ ವ್ಯತ್ಯಾಸ ಇದೆ.

ಕುವೆಂಪುನಗರದ ಮಗಳು

ನನಗೆ ಎದೆ ಡವಗುಟ್ಟುತ್ತಿರುವುದು ಅಲ್ಲೇ ಸರ್. ಅಪ್ಪ ಅಮ್ಮ ಇಬ್ಬರೂ ಇಲ್ಲದ ದಿನ ನಾನು ಆ ಮನೆಯಲ್ಲಿ ಇರುತ್ತೇನೆ. ಎರಡು ತಿಂಗಳಲ್ಲಿ 30 ಲಕ್ಷವೋ 80 ಲಕ್ಷವೋ ಎಲ್ಲಿಂದ ತರಲಿ? ಗೃಹಸಾಲ ತೆಗೆದು ಇದನ್ನು ತೀರಿಸಬಹುದಾ? ನನಗೆ ಕೆಲಸ ಇದೆ, ಸಂಬಳದ ದಾಖಲೆ ಇದೆ.

ವಕೀಲೆ, ಧಾರವಾಡ

ತೀರಿಸಬಹುದ್ರೀ, ಆದರೆ ಕಾಗದದ ಹಾದಿ ದುಡ್ಡಿನ ಹಾದಿಗಿಂತ ನಿಧಾನ. ನೀವು ಸಾಲ ಕೇಳಿದರೆ ಹೊಸ ಬ್ಯಾಂಕು ಮೊದಲು ಕೇಳುವುದು "ಮನೆ ನಿಮ್ಮ ಹೆಸರಲ್ಲಿದೆಯಾ" ಅಂತ. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಖಾತೆ ಬದಲಾವಣೆ ಆಗಬೇಕು. ವಿಲ್ ಇಲ್ಲದಿದ್ದರೆ ನೀವು ಮತ್ತು ಅಣ್ಣ ಇಬ್ಬರೂ ಸಮಪಾಲಿನ ವಾರಸುದಾರರು. ಅಣ್ಣ ನಿಮಗೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ ಕೊಡದೆ ನಿಮ್ಮೊಬ್ಬರ ಹೆಸರಿಗೆ ಸಾಲ ಹುಟ್ಟುವುದಿಲ್ಲ. ಮೂಲ ಪತ್ರಗಳು ಹಳೇ ಬ್ಯಾಂಕಿನಲ್ಲಿ. ಇಷ್ಟೆಲ್ಲ ಎರಡು ತಿಂಗಳಲ್ಲಿ ಮುಗಿಯುವುದನ್ನು ನಾನಂತೂ ಕಂಡಿಲ್ಲ.

ಅಷ್ಟು ದಿನವೂ ಬಡ್ಡಿ ಓಡುತ್ತಿರುತ್ತದೆ. ಮೇಷ್ಟ್ರ ಲೆಕ್ಕದ 28 ಲಕ್ಷ ಬಾಕಿ ಇದ್ದರೆ ತಿಂಗಳಿಗೆ ಇಪ್ಪತ್ತಮೂರು ಸಾವಿರ ಚಿಲ್ಲರೆ. 80 ಲಕ್ಷ ಇದ್ದರೆ 66 ಸಾವಿರ. ಅಣ್ಣ ತಂಗಿ ಮಾತಾಡದೆ ಆರು ತಿಂಗಳು ಕೂತರೆ ನಾಲ್ಕು ಲಕ್ಷ ಕೈತಪ್ಪಿತು.

ಅದಕ್ಕೇ ಇದರ ಮುಕ್ಕಾಲು ಕೆಲಸ ಈಗಲೇ ಆಗಬೇಕು. ಅಪ್ಪ ನೋಂದಾಯಿತ ವಿಲ್ ಮಾಡಲಿ. ಹಲವು ಬ್ಯಾಂಕುಗಳು ತಾವಾಗಿಯೇ ಕೇಳುತ್ತವೆ. ಅದರಲ್ಲಿ ಮೊದಲು ಅಮ್ಮನಿಗೆ, ಅಮ್ಮನ ನಂತರ ಯಾರಿಗೆ, ಸಾಲ ತೀರಿಸುವ ಜವಾಬ್ದಾರಿ ಯಾರದು, ತೀರಿಸಿದವರಿಗೆ ಮನೆಯೋ, ಮಾರಿ ಉಳಿದದ್ದರಲ್ಲಿ ಪಾಲೋ, ಅಷ್ಟೂ ಬರೆಸಿ. ವಿಲ್ ಜಾರಿ ಮಾಡುವವರ ಹೆಸರು ಹಾಕಿಸಿ. ಬ್ಯಾಂಕಿಗೂ ಒಂದು ಪ್ರತಿ ಕೊಡಿ. ಖಾತೆ, ಕಂದಾಯ, ಇಸಿ ಈಗಲೇ ಸರಿ ಮಾಡಿಟ್ಟುಕೊಳ್ಳಿ. ಬ್ಯಾಂಕಿಗೆ ಹೇಗೂ ಅವು ಬೇಕು. ಒಂದೇ ಖುಷಿಯ ಸಂಗತಿ ಅಂದರೆ ನಿಮ್ಮದು ಅಪ್ಪನ ಸ್ವಯಾರ್ಜಿತ. ಪಿತ್ರಾರ್ಜಿತವಾಗಿದ್ದರೆ ಈ ಸಾಲ ಸಿಗುವುದೇ ಕಷ್ಟವಾಗುತ್ತಿತ್ತು.

ಹಾಸನದ ಹುಡುಗ

ಎಲ್ಲರೂ ಬ್ಯಾಂಕಿನ ಲೆಕ್ಕ ಹಾಕ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. 19 ಸಾವಿರ ತಾನೇ? ಅಣ್ಣ ತಂಗಿ ಇಬ್ಬರೂ ಸೇರಿ ತಿಂಗಳಿಗೆ ಒಂಬತ್ತೂವರೆ, ಹತ್ತು ಸಾವಿರ ಹಾಕಿದರೆ ಮುಗೀತಲ್ಲ! ಹೆತ್ತವರು ಬ್ಯಾಂಕಿನ ಮುಂದೆ ಯಾಕೆ ನಿಲ್ಲಬೇಕು? ಮನೆಯೂ ಉಳಿಯುತ್ತೆ, 45 ಲಕ್ಷ ಬಡ್ಡಿಯೂ ಉಳಿಯುತ್ತೆ.

ದಾವಣಗೆರೆ ಅಕ್ಕ

ಹೇಳೋದು ಸುಲಭ ಮಗಾ. ಎರಡು ವರ್ಷ ಹಾಕ್ತಾರೆ, ಮೂರನೇ ವರ್ಷ ಒಬ್ಬರು ನಿಲ್ಲಿಸ್ತಾರೆ. ಆಮೇಲೆ ಅಪ್ಪ ಪ್ರತಿ ತಿಂಗಳು ಫೋನ್ ಮಾಡಿ ಕೇಳಬೇಕು. ಬ್ಯಾಂಕಾದರೆ ಒಂದನೇ ತಾರೀಕು ತಾನಾಗೇ ಬೀಳುತ್ತೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಕುವೆಂಪುನಗರದ ಮಗಳು

ಹಾಸನದವರೇ, ನಾವೂ ಅದನ್ನೇ ಹೇಳಿದ್ದು. ಅಪ್ಪ ಒಪ್ಪುತ್ತಿಲ್ಲ. "ನಾನು ಕಟ್ಟಿದ ಮನೆ, ಅದರ ದುಡ್ಡು ನಾನು ತಿನ್ನುತ್ತೇನೆ, ನಿಮ್ಮ ದುಡ್ಡು ಬೇಡ" ಅಂತಾರೆ. ಅಣ್ಣನೂ ತಿಂಗಳು ತಿಂಗಳು ಕೊಡುವ ಮಾತು ಬಂದಾಗ ಸ್ವಲ್ಪ ಮೆತ್ತಗಾದ, ನಿಜ ಹೇಳಬೇಕು ಅಂದರೆ.

ಲೆಕ್ಕದ ಮೇಷ್ಟ್ರು

ಮಧ್ಯದ ದಾರಿಯೂ ಇದೆ. ಮೊದಲ ಕೆಲವು ವರ್ಷ ಮಕ್ಕಳು ಕೊಟ್ಟು ಅಪ್ಪ 75ಕ್ಕೆ ಬಂದಾಗ ಸಾಲ ಶುರು ಮಾಡಿದರೆ, 10 ವರ್ಷದ ಅವಧಿ ಸಿಗಬಹುದು, ತಿಂಗಳ ಹಣ ಎರಡರಷ್ಟು. ಹಣ ನಿಲ್ಲುವ ವಯಸ್ಸು ಮಾತ್ರ ಅದೇ 85. ತಡ ಮಾಡಿದಷ್ಟೂ ಈ ಸಾಲ ಲಾಭ, ಬೇಗ ಶುರು ಮಾಡಿದಷ್ಟೂ ಬಡ್ಡಿಗೇ ಹೋಗುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ. ಜೊತೆಗೆ, ಒಮ್ಮೆ ಶುರು ಮಾಡಿದ ಮೇಲೂ ಮಕ್ಕಳು ಯಾವಾಗ ಬೇಕಾದರೂ ಸಾಲ ತೀರಿಸಬಹುದು, ಅದಕ್ಕೆ ದಂಡ ಇರಬಾರದು ಅಂತ ಮಾರ್ಗಸೂಚಿಯಲ್ಲೇ ಇದೆ.

ಜೀವನಪೂರ್ತಿ ಹಣ ಬರುವ ಇನ್ನೊಂದು ಬಗೆಯೂ ಇದೆ. ಬ್ಯಾಂಕು ಸಾಲದ ದುಡ್ಡನ್ನು ಜೀವವಿಮಾ ಕಂಪನಿಗೆ ಕೊಟ್ಟು, ಆ ಕಂಪನಿ ಪೆನ್ಷನ್ ಥರ ಕೊಡುವುದು. 2009ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, ಸ್ಟಾರ್ ಯೂನಿಯನ್ ದಾಯ್-ಇಚಿ ಜೊತೆ ಸೇರಿ ತಂದಿತ್ತು. 85ಕ್ಕೆ ಹಣ ನಿಲ್ಲುವ ಭಯ ಅದರಲ್ಲಿ ಇಲ್ಲ. ಬ್ಯಾಂಕಿಗೆ ಹೋದಾಗ ಇದನ್ನೂ ಒಂದು ಮಾತು ಕೇಳಿ.

ಆಡಿಟರ್ ರಾಯರು

ತೆರಿಗೆ ಬಗ್ಗೆ ಯಾರೂ ಹೇಳಲಿಲ್ಲ, ಎರಡೇ ಮಾತು. ಪ್ರತಿ ತಿಂಗಳು ಬರುವ 19 ಸಾವಿರ ಆದಾಯವಲ್ಲ, ಸಾಲ. ಅದಕ್ಕೆ ಆದಾಯ ತೆರಿಗೆ ಇಲ್ಲ. ಮನೆ ಅಡ ಇಟ್ಟದ್ದಕ್ಕೂ ಬಂಡವಾಳ ಲಾಭದ ತೆರಿಗೆ ಇಲ್ಲ. ಅದು ಬರುವುದು ಕೊನೆಗೆ ಮನೆ ಮಾರಿದಾಗ.

ಆಗ ವಾರಸುದಾರರು ಮರೆಯುವ ಒಂದು ವಿಷಯ ಇದೆ. ಅಪ್ಪ ಮಾಡಿದ ಅಡಮಾನದ ಸಾಲವನ್ನು ಮಕ್ಕಳು ತಮ್ಮ ಕೈಯಿಂದ ತೀರಿಸಿ ಆಮೇಲೆ ಮನೆ ಮಾರಿದರೆ, ಆ ಮೊತ್ತವನ್ನು ಮನೆಯ ಖರೀದಿ ವೆಚ್ಚಕ್ಕೆ ಸೇರಿಸಿಕೊಳ್ಳಬಹುದು ಅಂತ 1997ರಲ್ಲಿ ಸುಪ್ರೀಂ ಕೋರ್ಟು ಆರ್.ಎಂ. ಅರುಣಾಚಲಂ ಪ್ರಕರಣದಲ್ಲಿ ಹೇಳಿದೆ. ತಾವೇ ಅಡ ಇಟ್ಟು ತಾವೇ ತೀರಿಸಿದರೆ ಆ ಅನುಕೂಲ ಇಲ್ಲ. ಸಾಲ ತೀರಿಸಿದ ರಸೀತಿ, ಬ್ಯಾಂಕಿನ ಬಾಕಿ ಪತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಮಾರುವ ವರ್ಷ ನಿಮ್ಮ ಆಡಿಟರ್ ಕೈಗೆ ಅವು ಬೇಕಾಗುತ್ತವೆ.

ಕುವೆಂಪುನಗರದ ಮಗಳು

ತುಂಬಾ ಉಪಕಾರ ಸರ್. ಇನ್ನೊಂದು ಇದೆ, ಮೊದಲೇ ಬರೆಯಬೇಕಿತ್ತು. ನಮ್ಮ ಮಹಡಿ ಮೇಲೆ ಬಾಡಿಗೆಯವರಿದ್ದಾರೆ. ಆ ಬಾಡಿಗೆಯೇ ಈಗ ಮನೆ ನಡೆಸುತ್ತಿರುವುದು. ಬ್ಯಾಂಕಿನವರು ನೋಡಿಕೊಂಡು ಹೋದರು, ಏನೂ ಅನ್ನಲಿಲ್ಲ. ಇದರಿಂದ ತೊಂದರೆ ಇದೆಯಾ?

ವಕೀಲೆ, ಧಾರವಾಡ

ಏನೂ ಅನ್ನಲಿಲ್ಲ ಅನ್ನುವುದನ್ನು ನಂಬಬೇಡಿ. ನಿಯಮ ಹೇಳುವುದು ಸ್ವಂತ ವಾಸದ ಮನೆ ಅಂತ.

ಸಾಲ ವಿಭಾಗ, ನಿವೃತ್ತ

ನನ್ನ ಕಾಲದಲ್ಲಿ ಮಾಲೀಕರು ಕೆಳಗೆ ಇದ್ದು ಮೇಲಿನ ಒಂದು ಭಾಗ ಬಾಡಿಗೆಗೆ ಇದ್ದರೆ ಒಪ್ಪುತ್ತಿದ್ದೆವು. ಬಾಡಿಗೆಯವರಿಂದ ಮನೆ ಖಾಲಿ ಮಾಡುತ್ತೇವೆ ಅಂತ ಪತ್ರ ಬರೆಸಿಕೊಳ್ಳುತ್ತಿದ್ದೆವು.

ವಕೀಲೆ, ಧಾರವಾಡ

ನೀವು ಒಪ್ಪುತ್ತಿದ್ದಿರಿ, ಇವರ ಬ್ಯಾಂಕು ಒಪ್ಪುತ್ತದೆ ಅಂತಿಲ್ಲವಲ್ಲ ಸರ್. ಸ್ಯಾಂಕ್ಷನ್ ಪತ್ರದಲ್ಲಿ "ಮಹಡಿ ಬಾಡಿಗೆಗಿದೆ, ಬ್ಯಾಂಕಿಗೆ ಗೊತ್ತು" ಅನ್ನುವ ಸಾಲು ಇಲ್ಲದಿದ್ದರೆ ನಾಳೆ ಯಾರಾದರೂ ಹೊಸ ಮ್ಯಾನೇಜರ್ ಬಂದು ಷರತ್ತು ಉಲ್ಲಂಘನೆ ಅನ್ನಬಹುದು. ವಾರಸುದಾರರು ಮಾರುವಾಗಲೂ ಬಾಡಿಗೆಯವರು ಖಾಲಿ ಮಾಡದೆ ಕೂತರೆ ಎರಡು ತಿಂಗಳ ಗಡುವು ಏನಾಗಬೇಕು?

ಸಾಲ ವಿಭಾಗ, ನಿವೃತ್ತ

ಬರವಣಿಗೆಯಲ್ಲಿ ಇರಲಿ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಬಾಡಿಗೆ ಇದೆ ಅನ್ನುವ ಒಂದೇ ಕಾರಣಕ್ಕೆ ಅರ್ಜಿಯನ್ನೇ ಬಿಡಬೇಕಾಗಿಲ್ಲ ಅಂತ ಮಾತ್ರ ಹೇಳಿದೆ.

ಇನ್ನೊಂದು. ನಿಮ್ಮದು ಹಳೇ ಕಟ್ಟಡ. ಮನೆಗೆ ಇನ್ನೂ 20 ವರ್ಷ ಆಯಸ್ಸಿದೆ ಅಂತ ಎಂಜಿನಿಯರ್ ಬರೆದುಕೊಡಬೇಕು. ಐದು ವರ್ಷಕ್ಕೊಮ್ಮೆಯಾದರೂ ಮನೆ ಬೆಲೆಯನ್ನು ಮತ್ತೆ ಕಟ್ಟುತ್ತಾರೆ, ತಿಂಗಳ ಹಣ ಆಗ ಹೆಚ್ಚುಕಡಿಮೆ ಆಗಬಹುದು. ಸೋರುವ ತಾರಸಿಯನ್ನು ಹಾಗೇ ಬಿಟ್ಟಿದ್ದರೆ ಕಡಿಮೆಯೇ ಆಗುತ್ತದೆ. ಸಹಿ ಹಾಕಿದ ಮೇಲೂ ಮೂರು ಕೆಲಸದ ದಿನ ನಿಮ್ಮ ಕೈಲಿರುತ್ತದೆ. ಮನಸ್ಸು ಬದಲಾದರೆ ಅಷ್ಟರಲ್ಲಿ ರದ್ದು ಮಾಡಬಹುದು.

ಕುವೆಂಪುನಗರದ ಮಗಳು

ಅಣ್ಣ ನಿನ್ನೆ ರಾತ್ರಿ ಇದನ್ನೆಲ್ಲ ಓದಿದ. ಅಮ್ಮನ ಹೆಸರು ಸಾಲಗಾರರಲ್ಲಿ ಬಂದೇ ಬರಬೇಕು ಅನ್ನುವುದಕ್ಕೆ ಮೂವರೂ ಒಪ್ಪಿದ್ದಾರೆ. ಬ್ಯಾಂಕಿನವರು ಹಾಕಿದ ಅರ್ಜಿಯಲ್ಲಿ ಅಪ್ಪನ ಹೆಸರೊಂದೇ ಇತ್ತು, ಈಗ ಗೊತ್ತಾಯಿತು. ಅದನ್ನು ವಾಪಸ್ ತೆಗೆದುಕೊಂಡು ಹೊಸದಾಗಿ ಕೊಡುತ್ತೇವೆ. ಮಹಡಿ ಬಾಡಿಗೆ, ಗಡುವು ಎಷ್ಟು ತಿಂಗಳು, ಸಾಲ ಮನೆ ಬೆಲೆ ಮೀರಿದಾಗ ನಾನು ಉಳಿಸಿಕೊಳ್ಳಲು ಎಷ್ಟು ಕಟ್ಟಬೇಕು, ಮೂರನ್ನೂ ಬರೆದು ಕೇಳುತ್ತೇವೆ. 75ಕ್ಕೆ ಶುರು ಮಾಡುವ ಮೇಷ್ಟ್ರ ಮಾತಿಗೆ ಅಣ್ಣ "ನೋಡೋಣ" ಅಂದಿದ್ದಾನೆ, ಅಪ್ಪ ಮುಖ ತಿರುಗಿಸಿದ್ದಾರೆ. ವಿಲ್ ವಿಷಯ ಎತ್ತುವುದಕ್ಕೆ ನನಗೇ ಧೈರ್ಯ ಬಂದಿಲ್ಲ.

ಶಿವಮೊಗ್ಗ ಸೀನ

ಅದನ್ನು ಅಣ್ಣನ ಕೈಲಿ ಎತ್ತಿಸಿ. ಮಗಳು ಕೇಳಿದರೆ ಆಸ್ತಿಗೆ ಕೇಳಿದಳು ಅಂತಾರೆ. ಇದರಲ್ಲಿ ಮಾತ್ರ ನನ್ನ ಮಾತು ಕೇಳಿ.

ತೀರ್ಥಹಳ್ಳಿ ಕಡೆಯವ

ತಡವಾಗಿ ಬಂದೆ. ನಮ್ಮದು ಪಂಚಾಯ್ತಿ ವ್ಯಾಪ್ತಿಯ ಮನೆ, ಇ-ಸ್ವತ್ತಿನಲ್ಲಿ ಫಾರಂ 9, 11 ಎರಡೂ ಇವೆ. ಅಜ್ಜನ ಕಾಲದ ಜಾಗ, ಭಾಗ ಆಗಿ ಅಪ್ಪನ ಪಾಲಿಗೆ ಬಂದದ್ದು, ಮನೆ ಅಪ್ಪನೇ ಕಟ್ಟಿಸಿದ್ದು. ಇದಕ್ಕೂ ಈ ಸಾಲ ಸಿಗುತ್ತಾ?

ವಕೀಲೆ, ಧಾರವಾಡ

ಜಾಗ ಪಿತ್ರಾರ್ಜಿತ, ಕಟ್ಟಡ ಸ್ವಯಾರ್ಜಿತ. ಭಾಗಪತ್ರ ನೋಂದಣಿ ಆಗಿದೆಯಾ? ಅದು ಯಾವ ವರ್ಷದ್ದು, ಆಗ ನೀವು ಹುಟ್ಟಿದ್ದಿರಾ? ಇವೆರಡಕ್ಕೆ ಉತ್ತರ ಬರೆಯಿರಿ, ಆಮೇಲೆ ಹೇಳುತ್ತೇನೆ.